ಪೇಟೆಂಟ್ ಅರ್ಜಿ ಹಿಂಪಡೆದು ಪರೀಕ್ಷಾ ಶುಲ್ಕ ಮರಳಿ ಪಡೆಯುವುದು: ಕಾಸರಗೋಡಿನ ಕೃಷಿಕರಿಗೊಂದು ಸಮಗ್ರ ಮಾರ್ಗದರ್ಶಿ

ಬದಿಯಡ್ಕ, ಪೆರ್ಲ, ಮುಳ್ಳೇರಿಯದ ಕಡೆ ಅಡಿಕೆ ತೋಟ ಇರುವವರಲ್ಲಿ ಯಂತ್ರದ ತಲೆ ಇರುವವರು ಕಡಿಮೆಯೇನಲ್ಲ. ಗೋಟು ಸುಲಿಯುವುದಕ್ಕೆ, ಮರ ಏರುವುದಕ್ಕೆ, ಕೊನೆಗೆ ಔಷಧಿ ಹೊಡೆಯುವುದಕ್ಕೆ ತಮ್ಮದೇ ಒಂದು ಉಪಾಯ ಹೂಡಿ, ಪೇಟೆಯ ವೆಲ್ಡಿಂಗ್ ಶಾಪಿನವರ ಜೊತೆ ಸೇರಿ ಯಂತ್ರ ಮಾಡಿಸುತ್ತಾರೆ. ಅವರಲ್ಲಿ ಕೆಲವರು ಪೇಟೆಂಟಿಗೆ ಅರ್ಜಿಯನ್ನೂ ಹಾಕುತ್ತಾರೆ. ಅರ್ಜಿ ಹಾಕಿ ವರ್ಷ ತುಂಬುವಷ್ಟರಲ್ಲಿ ಯಂತ್ರ ಇನ್ನಷ್ಟು ಸುಧಾರಿಸಿರುತ್ತದೆ. ಮೊದಲು ಬರೆದುಕೊಟ್ಟ ರಚನೆಗೂ ಈಗ ಅಂಗಳದಲ್ಲಿ ಓಡುತ್ತಿರುವ ಯಂತ್ರಕ್ಕೂ ಸಂಬಂಧವೇ ಉಳಿದಿರುವುದಿಲ್ಲ. ಆಗ ಹಳೆಯ ಅರ್ಜಿಯನ್ನು ಹಿಂಪಡೆಯಬೇಕೇ, ಹಿಂಪಡೆದರೆ ಕಟ್ಟಿದ ಹಣದಲ್ಲಿ ಏನು ವಾಪಸು ಬರುತ್ತದೆ ಎಂಬ ಪ್ರಶ್ನೆ ಏಳುತ್ತದೆ.

ಉತ್ತರವೆಲ್ಲ ದಿನಾಂಕದ ಮೇಲೆ ನಿಂತಿದೆ. ಅರ್ಜಿ ಹಾಕಿ 15 ತಿಂಗಳಾಗುವುದರೊಳಗೆ ಹಿಂಪಡೆದರೆ ನಿಮ್ಮ ವಿಚಾರ ಗುಟ್ಟಾಗಿ ಉಳಿಯುತ್ತದೆ, ಪರೀಕ್ಷಾ ಶುಲ್ಕದ ದೊಡ್ಡ ಪಾಲನ್ನು ಮರಳಿ ಕೇಳುವ ಅವಕಾಶವೂ ಇರುತ್ತದೆ. ಅದನ್ನು ದಾಟಿದರೆ ಗುಟ್ಟು ಹೋಗುತ್ತದೆ, ಹಣ ಮಾತ್ರ ಇನ್ನೂ ಸ್ವಲ್ಪ ಕಾಲ ಸಿಗಬಹುದು. ಪೇಟೆಂಟ್ ಕಚೇರಿ ತನ್ನ ಮೊದಲ ಆಕ್ಷೇಪಣಾ ಪತ್ರವನ್ನು ಕಳಿಸಿದ ಮೇಲೆ ಆ ಹಣವೂ ಇಲ್ಲ.

ಯಾವ ಹಣ ಮರಳುತ್ತದೆ, ಯಾವುದು ಮರಳುವುದಿಲ್ಲ

ಪೇಟೆಂಟ್ ಅರ್ಜಿಗೆ ನಾವು ಸಾಮಾನ್ಯವಾಗಿ ಎರಡು ಬಗೆಯ ಶುಲ್ಕ ಕಟ್ಟಿರುತ್ತೇವೆ. ಒಂದು, ಅರ್ಜಿ ಸಲ್ಲಿಸುವ ಶುಲ್ಕ. ಕಂಪನಿಯಲ್ಲದೆ ವ್ಯಕ್ತಿಗಳೇ ಆನ್‌ಲೈನ್‌ನಲ್ಲಿ ಸಲ್ಲಿಸಿದರೆ ಇದು 1,600 ರೂಪಾಯಿ. ಇನ್ನೊಂದು, ಅರ್ಜಿಯನ್ನು ಪರೀಕ್ಷಿಸಿ ಎಂದು ಕೇಳಿಕೊಳ್ಳುವ ಫಾರಂ 18ರ ಶುಲ್ಕ, 4,000 ರೂಪಾಯಿ. ಮೊದಲನೆಯದು ಹೋದ ಹಣ. ಅರ್ಜಿ ಮುಂದುವರಿಯಲಿ, ನಿಲ್ಲಲಿ, ಅದನ್ನು ಮರಳಿ ಕೇಳುವುದಕ್ಕೆ ದಾರಿಯಿಲ್ಲ. ಎರಡನೆಯದಕ್ಕೆ ದಾರಿಯಿದೆ. 2016ರಲ್ಲಿ ಪೇಟೆಂಟ್ ನಿಯಮಗಳಿಗೆ ತಿದ್ದುಪಡಿ ತಂದಾಗ 7(4ಎ) ಎಂಬ ಉಪನಿಯಮ ಸೇರಿತು. ಪರೀಕ್ಷೆಗೆ ಹಣ ಕಟ್ಟಿದ ಮೇಲೆ, ಆದರೆ ಮೊದಲ ಆಕ್ಷೇಪಣಾ ಪತ್ರ ಹೊರಡುವ ಮೊದಲು ಅರ್ಜಿಯನ್ನು ಹಿಂಪಡೆದರೆ ಆ ಶುಲ್ಕದ ಶೇಕಡಾ 90ರವರೆಗೆ ಮರುಪಾವತಿ ಮಾಡಬಹುದು ಎಂದು ಅದು ಹೇಳುತ್ತದೆ. 4,000ಕ್ಕೆ ಲೆಕ್ಕ ಹಾಕಿದರೆ 3,600 ರೂಪಾಯಿ. ‘90ರವರೆಗೆ’ ಮತ್ತು ‘ಮಾಡಬಹುದು’ ಎಂಬ ಎರಡು ಮಾತುಗಳನ್ನು ಗಮನಿಸಿ. ಇದು ಕಂಟ್ರೋಲರ್ ಅವರ ತೀರ್ಮಾನಕ್ಕೆ ಬಿಟ್ಟ ವಿಷಯ. ಆದ್ದರಿಂದಲೇ ಕೇಳುವ ರೀತಿ ಅಚ್ಚುಕಟ್ಟಾಗಿರಬೇಕು.

ಫಾರಂ 18 ಹಾಕಿಯೇ ಇಲ್ಲದವರಿಗೆ ಮರಳಿ ಬರುವಂಥದ್ದು ಏನೂ ಇಲ್ಲ. ಅಂಥವರು ಸುಮ್ಮನಿದ್ದರೂ ಗಡುವು ಮುಗಿದಾಗ ಅರ್ಜಿ ತಾನಾಗಿಯೇ ಹಿಂಪಡೆದಂತೆ ಆಗುತ್ತದೆ. 2024ರ ಮಾರ್ಚ್ 15 ಮತ್ತು ಅದರ ನಂತರ ಸಲ್ಲಿಸಿದ ಅರ್ಜಿಗಳಿಗೆ ಆ ಗಡುವು 31 ತಿಂಗಳು. ಆದರೆ ಅಷ್ಟರೊಳಗೆ, 18 ತಿಂಗಳು ತುಂಬಿದಾಗಲೇ ಅರ್ಜಿ ಪ್ರಕಟವಾಗಿಬಿಟ್ಟಿರುತ್ತದೆ. ಗುಟ್ಟು ಉಳಿಯಬೇಕೆಂದರೆ ಅವರೂ ಸುಮ್ಮನೆ ಕೂರುವಂತಿಲ್ಲ.

ಬರೀ ಪ್ರಾಥಮಿಕ ವಿವರಣೆಯ ಮೇಲೆ, ಅಂದರೆ ಪ್ರಾವಿಷನಲ್ ಆಗಿ ಅರ್ಜಿ ಹಾಕಿದವರ ವಿಷಯ ಬೇರೆ. 12 ತಿಂಗಳೊಳಗೆ ಪೂರ್ಣ ವಿವರಣೆ ಕೊಡದಿದ್ದರೆ ಆ ಅರ್ಜಿ ಕೈಬಿಟ್ಟಂತೆ ಆಗುತ್ತದೆ, ಹಿಂಪಡೆಯುವ ಕೆಲಸವೇ ಇರುವುದಿಲ್ಲ.

ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ

ಫಾರಂ ತೆರೆಯುವ ಮೊದಲು ಒಂದು ವಿಷಯವನ್ನು ಸಮಾಧಾನದಿಂದ ಯೋಚಿಸಬೇಕು. ಅರ್ಜಿ ಹಿಂಪಡೆದರೆ ಆ ಅರ್ಜಿಯ ದಿನಾಂಕವೂ ಕೈತಪ್ಪುತ್ತದೆ. ಹಿಂಪಡೆದದ್ದನ್ನು ಮತ್ತೆ ಜೀವಕ್ಕೆ ತರುವ ವ್ಯವಸ್ಥೆಯನ್ನು ಪೇಟೆಂಟ್ ಕಾಯಿದೆ ಇಟ್ಟಿಲ್ಲ. ಹೊಸ ಅರ್ಜಿಗೆ ಹೊಸ ದಿನಾಂಕವೇ ಸಿಗುತ್ತದೆ, ಆ ದಿನಾಂಕಕ್ಕಿಂತ ಮೊದಲು ಜಗತ್ತಿಗೆ ತಿಳಿದದ್ದೆಲ್ಲ ನಿಮಗೆ ಎದುರಾಗಿ ನಿಲ್ಲುತ್ತದೆ.

ನಮ್ಮ ಕಡೆ ಇದು ತೀರಾ ನಿಜವಾದ ಅಪಾಯ. ಅರ್ಜಿ ಹಾಕಿ ಆಯಿತಲ್ಲ ಎಂಬ ಧೈರ್ಯದಲ್ಲಿ ಯಂತ್ರವನ್ನು ಕೃಷಿ ಮೇಳದಲ್ಲಿ ಓಡಿಸಿ ತೋರಿಸಿರುತ್ತಾರೆ. ಕೂಡ್ಲಿನ ಸಿಪಿಸಿಆರ್‌ಐ ಆವರಣದ ಕಾರ್ಯಕ್ರಮದಲ್ಲೋ ಸಹಕಾರಿ ಸಂಘದ ಅಂಗಳದಲ್ಲೋ ನೂರಾರು ಜನ ನೋಡಿರುತ್ತಾರೆ. ಯಾರೋ ವೀಡಿಯೊ ಮಾಡಿ ವಾಟ್ಸಾಪಿನಲ್ಲಿ ಹಂಚಿರುತ್ತಾರೆ. ನಾಲ್ಕು ಯಂತ್ರ ಮಾರಾಟವೂ ಆಗಿರುತ್ತದೆ. ಹಳೆಯ ದಿನಾಂಕ ಕೈಯಲ್ಲಿದ್ದಷ್ಟು ಕಾಲ ಇದರಿಂದ ತೊಂದರೆಯಿಲ್ಲ, ಏಕೆಂದರೆ ಅರ್ಜಿ ಅದಕ್ಕಿಂತ ಹಿಂದಿನದು. ಅರ್ಜಿ ಹಿಂಪಡೆದ ಕ್ಷಣದಿಂದ ಆ ಪ್ರದರ್ಶನವೇ ನಿಮ್ಮ ಹೊಸ ಅರ್ಜಿಗೆ ಅಡ್ಡ ಬರುತ್ತದೆ. ಯಂತ್ರದ ಮೂಲ ರಚನೆ ಹೊರಗೆ ಗೊತ್ತಾಗಿದ್ದರೆ 3,600 ರೂಪಾಯಿಯ ಆಸೆಗೆ ಅರ್ಜಿಯನ್ನು ಹಿಂಪಡೆಯಬೇಡಿ ಎಂದೇ ನಾನು ಹೇಳುತ್ತೇನೆ. ಹಳೆಯದನ್ನು ಹಾಗೆಯೇ ಇಟ್ಟು, ಸುಧಾರಣೆಗೆ ಮಾತ್ರ ಸೇರ್ಪಡೆ ಪೇಟೆಂಟ್ ಕೇಳುವ ಅವಕಾಶ ಕಾಯಿದೆಯ 54ನೇ ವಿಭಾಗದಲ್ಲಿದೆ.

ಯಾರಿಗೂ ತೋರಿಸಿಲ್ಲ, ಮಾರಿಲ್ಲ ಎಂದಾದರೆ ಹಿಂಪಡೆಯುವುದು ಲಾಭದ ಕೆಲಸವೇ. ಹಳೆಯ ಅರ್ಜಿ ಪ್ರಕಟವಾದರೆ ಅದೇ ಮುಂದೆ ನಿಮ್ಮ ಸುಧಾರಿತ ಯಂತ್ರಕ್ಕೆ ಎದುರು ಸಾಕ್ಷಿಯಾಗುತ್ತದೆ. ‘ಇದು ಹಿಂದಿನದಕ್ಕಿಂತ ಹೆಚ್ಚೇನೂ ಅಲ್ಲ’ ಎಂದು ಪರೀಕ್ಷಕರು ನಿಮ್ಮದೇ ಬರಹವನ್ನು ಎತ್ತಿ ತೋರಿಸುವ ಪರಿಸ್ಥಿತಿ ಬರುತ್ತದೆ. ಪ್ರಕಟವಾಗುವ ಮೊದಲೇ ಹಿಂಪಡೆದರೆ ಆ ಮಾತಿಗೆ ಎಡೆಯಿಲ್ಲ.

ಒಂದು ಅರ್ಜಿಯನ್ನು ಇಟ್ಟುಕೊಂಡು ಲೆಕ್ಕ ಹಾಕೋಣ

ನೀರ್ಚಾಲಿನ ಒಬ್ಬ ಕೃಷಿಕರೂ ಕುಂಬಳೆಯಲ್ಲಿ ವರ್ಕ್‌ಶಾಪ್ ಇಟ್ಟುಕೊಂಡಿರುವ ಅವರ ಗೆಳೆಯರೂ ಸೇರಿ ಗೋಟು ಸುಲಿಯುವ ಯಂತ್ರಕ್ಕೆ 2025ರ ಫೆಬ್ರವರಿ 10ರಂದು ಅರ್ಜಿ ಹಾಕಿದ್ದಾರೆ ಎಂದು ಇಟ್ಟುಕೊಳ್ಳಿ. ಅದೇ ದಿನ ಫಾರಂ 18 ಕೂಡ ಸಲ್ಲಿಸಿದ್ದಾರೆ. ಒಟ್ಟು ಕಟ್ಟಿದ್ದು 5,600 ರೂಪಾಯಿ. ಕೇರಳ, ಕರ್ನಾಟಕ, ತಮಿಳುನಾಡು, ಆಂಧ್ರದ ಅರ್ಜಿಗಳೆಲ್ಲ ಚೆನ್ನೈ ಗಿಂಡಿಯ ಪೇಟೆಂಟ್ ಕಚೇರಿಯ ವ್ಯಾಪ್ತಿಗೆ ಬರುತ್ತವೆ. ಹಾಗಾಗಿ ಇವರ ಅರ್ಜಿ ಸಂಖ್ಯೆ 202541 ಎಂದು ಆರಂಭವಾಗುತ್ತದೆ. ಮೊದಲ ನಾಲ್ಕು ಅಂಕಿ ವರ್ಷ, 4 ಎಂದರೆ ಚೆನ್ನೈ, ಮುಂದಿನ 1 ಎಂದರೆ ಸಾಮಾನ್ಯ ಅರ್ಜಿ, ಉಳಿದ ಆರು ಅಂಕಿ ಸರದಿ ಸಂಖ್ಯೆ. ಮಂಗಳೂರಿನ ನಂಟರು ಹಾಕಿದ ಅರ್ಜಿಯೂ ಇದೇ ಕಚೇರಿಗೆ ಹೋಗುತ್ತದೆ, ಗಡಿಯ ತೊಡಕು ಇಲ್ಲಿ ಇಲ್ಲ.

ಇವರ ಅರ್ಜಿಗೆ 18 ತಿಂಗಳು ತುಂಬುವುದು 2026ರ ಆಗಸ್ಟ್ 10ಕ್ಕೆ. ಅದಾಗಿ ಒಂದು ತಿಂಗಳೊಳಗೆ ಅದು ಪೇಟೆಂಟ್ ಕಚೇರಿಯ ಜರ್ನಲ್‌ನಲ್ಲಿ ಪ್ರಕಟವಾಗಬೇಕು. ಪ್ರಕಟವಾಗದಂತೆ ತಡೆಯಬೇಕಾದರೆ ಆ 18 ತಿಂಗಳಿಗೆ ಮೂರು ತಿಂಗಳು ಮೊದಲೇ ಹಿಂಪಡೆದಿರಬೇಕು ಎಂದು ಕಾಯಿದೆಯ 11ಎ ವಿಭಾಗ ಹೇಳುತ್ತದೆ. ಅಂದರೆ 2026ರ ಮೇ 10. ಅದು ಭಾನುವಾರ. ರಜೆಯಾದರೆ ಮರುದಿನಕ್ಕೆ ನಡೆಯುತ್ತದೆ ಎಂಬ ಲೆಕ್ಕಾಚಾರಕ್ಕೆ ಇಂಥ ಕಡೆ ಹೋಗಬಾರದು. ಏಪ್ರಿಲ್‌ನಲ್ಲೇ ಕೆಲಸ ಮುಗಿಸಿಟ್ಟರೆ ನಿಶ್ಚಿಂತೆ.

ಈ ಅವಧಿಯಲ್ಲಿ ಹಣದ ಬಗ್ಗೆಯೂ ಧೈರ್ಯವಾಗಿರಬಹುದು, ಅದಕ್ಕೆ ಕಾರಣವಿದೆ. ಪರೀಕ್ಷೆಗೆ ಹಣ ಕಟ್ಟಿದ ಮಾತ್ರಕ್ಕೆ ಅರ್ಜಿ ಪರೀಕ್ಷಕರ ಮೇಜಿಗೆ ಹೋಗುವುದಿಲ್ಲ. ಅದು ಪ್ರಕಟವಾದ ಮೇಲೆಯೇ ಅವರಿಗೆ ಒಪ್ಪಿಸಲ್ಪಡುತ್ತದೆ. ಪ್ರಕಟವಾಗದ ಅರ್ಜಿಗೆ ಆಕ್ಷೇಪಣಾ ಪತ್ರ ಹೊರಟಿರುವ ಸಂಭವವೇ ಇಲ್ಲವಾದ್ದರಿಂದ ಮರುಪಾವತಿಯ ಷರತ್ತು ತಾನಾಗಿಯೇ ಈಡೇರಿರುತ್ತದೆ. ಫಾರಂ 9 ಹಾಕಿ, 2,500 ರೂಪಾಯಿ ಕಟ್ಟಿ ಬೇಗನೆ ಪ್ರಕಟಿಸಿಕೊಂಡವರಿಗೆ ಮಾತ್ರ ಈ ಧೈರ್ಯ ಇಲ್ಲ. ಅವರ ಅರ್ಜಿ ಆಗಲೇ ಬಯಲಾಗಿದೆ, ಆಕ್ಷೇಪಣಾ ಪತ್ರವೂ ಯಾವಾಗ ಬೇಕಾದರೂ ಬರಬಹುದು.

ಪ್ರಕಟವಾದ ಅರ್ಜಿಯನ್ನು ಹಿಂಪಡೆಯುವವರು ಮೊದಲು `ipindia.gov.in` ತಾಣದಲ್ಲಿ ಅರ್ಜಿಯ ಸ್ಥಿತಿ ನೋಡಬೇಕು. ಅಲ್ಲಿ `FER Issued, Reply not Filed` ಎಂದು ಕಂಡರೆ ಮೊದಲ ಆಕ್ಷೇಪಣಾ ಪತ್ರ ಹೊರಟಾಗಿದೆ, ಹಣ ಕೇಳುವ ಹಂತ ಮುಗಿದಿದೆ. ಪರೀಕ್ಷಕರಿಗೆ ಒಪ್ಪಿಸಲಾಗಿದೆ ಎಂದಷ್ಟೇ ಇದ್ದರೆ ಪತ್ರ ಇನ್ನೂ ಹೊರಟಿಲ್ಲ, ಅದೇ ದಿನ ಅರ್ಜಿ ಹಿಂಪಡೆಯಿರಿ. ಇಲ್ಲಿ ಲೆಕ್ಕಕ್ಕೆ ಬರುವುದು ಪತ್ರ ಹೊರಟ ದಿನ, ನೀವು ಓದಿದ ದಿನವಲ್ಲ. ಆ ಪತ್ರ ಇ-ಮೇಲ್‌ಗೆ ಬರುತ್ತದೆ. ನಮ್ಮಲ್ಲಿ ಎಷ್ಟೋ ಜನ ಅಕ್ಷಯ ಕೇಂದ್ರದವರದ್ದೋ ಕಾಲೇಜಿಗೆ ಹೋಗುವ ಅಳಿಯನದ್ದೋ ಇ-ಮೇಲ್ ಕೊಟ್ಟು ಅರ್ಜಿ ಹಾಕಿರುತ್ತಾರೆ. ಪತ್ರ ಅಲ್ಲಿ ತಿಂಗಳುಗಟ್ಟಲೆ ತೆರೆಯದೆ ಬಿದ್ದಿರುತ್ತದೆ. ಆ ಪೆಟ್ಟಿಗೆಯನ್ನು ತೆರೆಸಿ ನೋಡದೆ ಮುಂದಿನ ಹೆಜ್ಜೆ ಇಡಬೇಡಿ.

ಪೋರ್ಟಲ್‌ನಲ್ಲಿ ಮಾಡಬೇಕಾದದ್ದು

ಕಂಪ್ಯೂಟರಿನ ಮುಂದೆ ಕೂರುವ ಮೊದಲು ಮೂರು ಕಾಗದ ಕೈಯಲ್ಲಿರಲಿ: ಅರ್ಜಿ ಸಂಖ್ಯೆ ಇರುವ ಸ್ವೀಕೃತಿ, ಫಾರಂ 18ಕ್ಕೆ ಹಣ ಕಟ್ಟಿದ ರಸೀದಿ, ಬ್ಯಾಂಕ್ ಪಾಸ್‌ಬುಕ್ಕಿನ ಮೊದಲ ಪುಟ. ರಸೀದಿಯಲ್ಲಿ `CBR No.` ಎಂದು ಒಂದು ಸಂಖ್ಯೆ ಇರುತ್ತದೆ. ಕಚೇರಿಯ ನಗದು ಪುಸ್ತಕದಲ್ಲಿ ನಿಮ್ಮ ಹಣ ದಾಖಲಾದ ಗುರುತು ಅದು. ಮರುಪಾವತಿಗೆ ಕಚೇರಿಯವರು ಹುಡುಕುವುದೂ ಅದನ್ನೇ. ಬ್ಯಾಂಕಿನಿಂದ ಬಂದ ಎಸ್‌ಎಂಎಸ್ ಅಥವಾ ಯುಪಿಐ ಸಂಖ್ಯೆ ಅದರ ಬದಲಿಗೆ ನಡೆಯುವುದಿಲ್ಲ.

ಆಮೇಲೆ ಸಹಿಯ ವಿಷಯ. ಮೊದಲಿನ ಅರ್ಜಿಯನ್ನು ಯುಎಸ್‌ಬಿ ಟೋಕನ್ನಿನ ಡಿಜಿಟಲ್ ಸಹಿಯಿಂದ ಸಲ್ಲಿಸಿದ್ದರೆ ಆ ಸಹಿಯ ಅವಧಿ ಮುಗಿದಿಲ್ಲವೇ ನೋಡಿ. ಅರ್ಜಿ ಹಾಕುವಾಗ ಮಾಡಿಸಿದ್ದು ಹಿಂಪಡೆಯುವ ಹೊತ್ತಿಗೆ ಮುಗಿದಿರುವುದು ತೀರಾ ಸಾಮಾನ್ಯ. ಹೊಸದನ್ನು ಮಾಡಿಸಿ ಪೋರ್ಟಲ್ಲಿನ ನಿಮ್ಮ ಖಾತೆಗೆ ಸೇರಿಸುವುದಕ್ಕೆ ಒಂದಷ್ಟು ದಿನ ಹಿಡಿಯುತ್ತದೆ. ಗಡುವಿನ ಹಿಂದಿನ ದಿನ ಇದು ಗೊತ್ತಾದರೆ ಕಷ್ಟ. ಟೋಕನ್ನನ್ನೂ ಅದರ ಪಿನ್ ಸಂಖ್ಯೆಯನ್ನೂ ಬೇರೆಯವರ ಅಂಗಡಿಯಲ್ಲಿ ಬಿಟ್ಟುಬರುವ ಅಭ್ಯಾಸ ಒಳ್ಳೆಯದಲ್ಲ. ನಿಮ್ಮ ಸಹಿ ಇದ್ದವರು ನಿಮ್ಮ ಅರ್ಜಿಯನ್ನು ಹಿಂಪಡೆಯಲೂಬಲ್ಲರು.

ಪೇಟೆಂಟ್ ಇ-ಫೈಲಿಂಗ್ ಪೋರ್ಟಲ್ಲಿಗೆ ನಿಮ್ಮ ಖಾತೆಯಿಂದ ಪ್ರವೇಶಿಸಿ, ಫಾರಂಗಳ ಪಟ್ಟಿಯಲ್ಲಿ ಫಾರಂ 29 ಆರಿಸಿ. ಅರ್ಜಿ ಹಿಂಪಡೆಯುವುದಕ್ಕೆಂದೇ ಇರುವ ಫಾರಂ ಇದು, ಇದಕ್ಕೆ ಶುಲ್ಕವಿಲ್ಲ. ಹಣ ಕಟ್ಟಿ ಎಂದು ತೆರೆ ಕೇಳಿದರೆ ಫಾರಂ ತಪ್ಪಿದೆ ಎಂದೇ ತಿಳಿಯಿರಿ, ಹಿಂದಕ್ಕೆ ಹೋಗಿ ನೋಡಿ. ಅರ್ಜಿ ಸಂಖ್ಯೆಯನ್ನು ತುಂಬಿದ ಮೇಲೆ ತೆರೆಯಲ್ಲಿ ಕಾಣುವ ಶೀರ್ಷಿಕೆ ಮತ್ತು ಅರ್ಜಿದಾರರ ಹೆಸರನ್ನು ಎರಡು ಸಲ ಓದಿ. ಒಬ್ಬರೇ ಎರಡು ಮೂರು ಅರ್ಜಿ ಹಾಕಿರುವಾಗ ಅಂಕಿ ಆಚೀಚೆಯಾಗಿ ಬೇಡದ ಅರ್ಜಿ ಹಿಂದಕ್ಕೆ ಹೋದರೆ ಸರಿಪಡಿಸುವುದು ಸುಲಭದ ಮಾತಲ್ಲ.

ಫಾರಂನ್ನು ಇಂಗ್ಲಿಷಿನಲ್ಲಿ ಅಥವಾ ಹಿಂದಿಯಲ್ಲಿ ತುಂಬಬೇಕು. ಕನ್ನಡವೂ ಮಲಯಾಳವೂ ಅಲ್ಲಿ ನಡೆಯುವುದಿಲ್ಲ. ಅರ್ಜಿದಾರರು ಇಬ್ಬರಿದ್ದರೆ ಇಬ್ಬರ ಸಹಿಯೂ ಬೇಕು. ನಮ್ಮ ಉದಾಹರಣೆಯ ಕೃಷಿಕರು ತಾವೊಬ್ಬರೇ ಸಹಿ ಹಾಕಿ ಕಳಿಸಿದರೆ, ಕುಂಬಳೆಯ ಗೆಳೆಯರ ಒಪ್ಪಿಗೆ ಎಲ್ಲಿ ಎಂದು ಕಚೇರಿ ಕೇಳುತ್ತದೆ. ಆ ಪತ್ರ ಬಂದು ಉತ್ತರ ಹೋಗುವಷ್ಟರಲ್ಲಿ ಮೇ 10 ಕಳೆದಿರುತ್ತದೆ. ಪೇಟೆಂಟ್ ಏಜೆಂಟರ ಮೂಲಕ ಅರ್ಜಿ ಹಾಕಿದ್ದರೆ ಅವರೇ ಸಹಿ ಹಾಕಬಹುದು, ಆದರೆ ಅದಕ್ಕೆ ನೀವು ಕೊಟ್ಟ ಅಧಿಕಾರಪತ್ರ ಕಡತದಲ್ಲಿರಬೇಕು.

ಅರ್ಜಿ ಹಿಂಪಡೆದೊಡನೆ ಹಣ ತಾನಾಗಿಯೇ ಬರುತ್ತದೆ ಎಂದು ಹಲವರು ನಂಬಿರುತ್ತಾರೆ. ಹಾಗಲ್ಲ, ಕೇಳಬೇಕು. ಫಾರಂನ ಜೊತೆಗೆ ಒಂದು ಪುಟದ ಪತ್ರವನ್ನು ಪಿಡಿಎಫ್ ಆಗಿ ಸೇರಿಸಿ, ಅದರಲ್ಲಿ ನಿಯಮದ ಸಂಖ್ಯೆಯನ್ನು ಹೇಳಿಯೇ ಕೇಳಿ. ಈ ಎರಡು ವಾಕ್ಯಗಳು ಸಾಕು:

```
The First Statement of Objections has not been issued.
Refund of the Form 18 fee (CBR No. ____, dated ____)
is requested under rule 7(4A).
```

ಇದರ ಕೆಳಗೆ ಖಾತೆದಾರರ ಹೆಸರು, ಖಾತೆ ಸಂಖ್ಯೆ, ಬ್ಯಾಂಕ್ ಶಾಖೆ, ಐಎಫ್‌ಎಸ್‌ಸಿ ಕೋಡ್ ಬರೆಯಿರಿ. ರದ್ದು ಮಾಡಿದ ಚೆಕ್ಕಿನ ಅಥವಾ ಪಾಸ್‌ಬುಕ್ ಪುಟದ ಪ್ರತಿಯನ್ನೂ ರಸೀದಿಯ ಪ್ರತಿಯನ್ನೂ ಲಗತ್ತಿಸಿ. ಅರ್ಜಿದಾರರು ಇಬ್ಬರಾಗಿದ್ದರೆ ಹಣ ಯಾರ ಖಾತೆಗೆ ಹೋಗಬೇಕು ಎಂಬುದನ್ನು ಇಬ್ಬರೂ ಸಹಿ ಮಾಡಿ ತಿಳಿಸಿರಬೇಕು.

ನಮ್ಮ ಊರಿನವರು ಹೆಚ್ಚು ಎಚ್ಚರ ವಹಿಸಬೇಕಾದದ್ದು ಹೆಸರಿನಲ್ಲಿ. ಕಾಸರಗೋಡಿನ ಕನ್ನಡಿಗರ ಹೆಸರು ಒಂದೊಂದು ದಾಖಲೆಯಲ್ಲಿ ಒಂದೊಂದು ಥರ ಇರುತ್ತದೆ. ಕೇರಳದ ಶಾಲಾ ದಾಖಲೆಯಲ್ಲಿ ಇನಿಷಿಯಲ್ ಹೆಸರಿನ ಕೊನೆಗೆ, ಮಂಗಳೂರಿನಲ್ಲಿ ತೆರೆದ ಬ್ಯಾಂಕ್ ಖಾತೆಯಲ್ಲಿ ಮೊದಲಿಗೆ, ಆಧಾರ್‌ನಲ್ಲಿ ಮನೆತನದ ಹೆಸರು ಸೇರಿ, ಪೇಟೆಂಟ್ ಅರ್ಜಿಯಲ್ಲಿ ಅದನ್ನು ಬಿಟ್ಟು. ಮಲಯಾಳದಿಂದ ಇಂಗ್ಲಿಷಿಗೆ ಹೋದ ಕಾಗುಣಿತವೇ ಬೇರೆ, ಕನ್ನಡದಿಂದ ಹೋದದ್ದೇ ಬೇರೆ. ಸರಕಾರದ ಪಾವತಿ ಇಂಥ ವ್ಯತ್ಯಾಸಕ್ಕೇ ನಿಂತುಬಿಡುತ್ತದೆ. ಪೇಟೆಂಟ್ ಅರ್ಜಿಯಲ್ಲಿರುವ ಹೆಸರಿಗೆ ಅಕ್ಷರಕ್ಕೆ ಅಕ್ಷರ ಹೊಂದುವ ಖಾತೆಯನ್ನೇ ಕೊಡಿ. ಅಂಥದ್ದು ಇಲ್ಲದಿದ್ದರೆ ಎರಡೂ ಹೆಸರು ಒಬ್ಬರದೇ ಎಂದು ಪತ್ರದಲ್ಲೇ ಬರೆದು ಆಧಾರ್ ಪ್ರತಿ ಸೇರಿಸಿ. ಸಹಕಾರಿ ಬ್ಯಾಂಕಿನ ಖಾತೆ ಕೊಡುವವರು ಅದಕ್ಕೆ ಐಎಫ್‌ಎಸ್‌ಸಿ ಕೋಡ್ ಇದೆಯೇ ಎಂದು ಮೊದಲು ವಿಚಾರಿಸಿಕೊಳ್ಳಿ.

ಎಲ್ಲವನ್ನೂ ಸೇರಿಸಿ, ಸಹಿ ಹಾಕಿ ಸಲ್ಲಿಸಿದ ಮೇಲೆ ಸ್ವೀಕೃತಿ ಬರುತ್ತದೆ. ಶುಲ್ಕ ಸೊನ್ನೆಯಾದರೂ ಸ್ವೀಕೃತಿ ಇರಲೇಬೇಕು. ಅದು ಬರಲಿಲ್ಲವೆಂದರೆ ಫಾರಂ ಕರಡಿನ ಪಟ್ಟಿಯಲ್ಲೇ ಉಳಿದಿದೆ ಎಂದರ್ಥ, ಕಚೇರಿಗೆ ತಲುಪಿಲ್ಲ. ಮಳೆಗಾಲದಲ್ಲಿ ಕರೆಂಟು, ನೆಟ್‌ವರ್ಕ್ ಎರಡೂ ಕೈಕೊಡುವ ನಮ್ಮ ಊರಿನಲ್ಲಿ ಇದನ್ನು ಖಚಿತಪಡಿಸಿಕೊಳ್ಳದೆ ಎದ್ದು ಬರಬಾರದು.

ಹೊಸ ಅರ್ಜಿಯನ್ನು ಯಾವಾಗ ಹಾಕುವುದು

ಭಾರತದಲ್ಲಿ ಮಾತ್ರ ಪೇಟೆಂಟ್ ಬೇಕಾದವರು ಸುಧಾರಿತ ಯಂತ್ರದ ಹೊಸ ಅರ್ಜಿಯನ್ನು ಮೊದಲು ಸಲ್ಲಿಸಿ, ಅದರ ಸಂಖ್ಯೆ ಕೈಗೆ ಬಂದ ಮೇಲೆ ಹಳೆಯದನ್ನು ಹಿಂಪಡೆಯುವುದು ಕ್ಷೇಮ. ನಡುವೆ ಯಾವ ದಿನಾಂಕವೂ ಇಲ್ಲದ ಬರಿಗೈ ಸ್ಥಿತಿ ಆಗ ಬರುವುದಿಲ್ಲ. ವಿದೇಶದಲ್ಲೂ ಅರ್ಜಿ ಹಾಕುವ ಯೋಚನೆ ಇದ್ದರೆ ಈ ಕ್ರಮ ತಲೆಕೆಳಗಾಗುತ್ತದೆ. ಹೊಸ ಅರ್ಜಿಯ ದಿನಾಂಕವನ್ನೇ ಮೊದಲ ದಿನಾಂಕವೆಂದು ಬೇರೆ ದೇಶಗಳಲ್ಲಿ ಹೇಳಿಕೊಳ್ಳಬೇಕಾದರೆ, ಅದೇ ವಿಷಯದ ಹಳೆಯ ಅರ್ಜಿ ಅದಕ್ಕಿಂತ ಮೊದಲೇ ಹಿಂದಕ್ಕೆ ಹೋಗಿರಬೇಕು ಎಂಬುದು ಪ್ಯಾರಿಸ್ ಒಪ್ಪಂದದ ನಿಯಮ. ಅಂಥವರು ಪೇಟೆಂಟ್ ಏಜೆಂಟರೊಬ್ಬರ ಜೊತೆ ಕೂತು ದಿನ ಗೊತ್ತುಮಾಡಿಕೊಳ್ಳಲಿ. ತಿರುವನಂತಪುರದಲ್ಲಿ ರಾಜ್ಯ ವಿಜ್ಞಾನ, ತಂತ್ರಜ್ಞಾನ ಮತ್ತು ಪರಿಸರ ಮಂಡಳಿಯ ಪೇಟೆಂಟ್ ಮಾಹಿತಿ ಕೇಂದ್ರವಿದೆ, ಅಲ್ಲೂ ವಿಚಾರಿಸಬಹುದು.

ಸಲ್ಲಿಸಿದ ಮೇಲೆ

ಕೆಲಸ ಅಲ್ಲಿಗೆ ಮುಗಿಯುವುದಿಲ್ಲ. ಫಾರಂ 29 ತಲುಪಿದರೂ ಕಡತದಲ್ಲಿ ಅರ್ಜಿ ಹಿಂಪಡೆದದ್ದೆಂದು ದಾಖಲಾಗುವವರೆಗೆ ಅದು ಪ್ರಕಟಣೆಯ ಸಾಲಿನಲ್ಲೇ ನಿಂತಿರುವ ಅಪಾಯವಿದೆ. ಕೆಲವು ವಾರಗಳ ನಂತರವೂ ಸ್ಥಿತಿ ಬದಲಾಗದಿದ್ದರೆ ಸ್ವೀಕೃತಿಯ ಪ್ರತಿಯೊಂದಿಗೆ ಚೆನ್ನೈ ಕಚೇರಿಗೆ ಬರೆಯಿರಿ. ಅರ್ಜಿ ಇನ್ನೂ ಪ್ರಕಟವಾಗಿಲ್ಲ, ಪ್ರಕಟಿಸಬಾರದು ಎಂಬ ಮಾತು ಆ ಪತ್ರದ ಮೊದಲ ಸಾಲಿನಲ್ಲೇ ಇರಲಿ. ಪೇಟೆಂಟ್ ಜರ್ನಲ್ ಪ್ರತಿ ಶುಕ್ರವಾರ ಹೊರಬರುತ್ತದೆ. ನಮ್ಮ ಉದಾಹರಣೆಯವರು ಆಗಸ್ಟ್ 10 ಕಳೆದ ಮೇಲೆ ನಾಲ್ಕೈದು ಶುಕ್ರವಾರ ಅದರಲ್ಲಿ ತಮ್ಮ ಸಂಖ್ಯೆ ಇಲ್ಲವೆಂದು ನೋಡಿಕೊಳ್ಳಬೇಕು.

ಹಣ ಬರುವುದಕ್ಕೆ ತಾಳ್ಮೆ ಬೇಕು. ಬಂದ ಮೊತ್ತ 3,600ಕ್ಕಿಂತ ಕಡಿಮೆಯಾಗಿದ್ದರೆ ಕಾರಣ ಕೇಳಿ ಬರೆಯಬಹುದು. ಎರಡು ಸಲ ಹಣ ಕಡಿತವಾಗಿದ್ದ ಪ್ರಕರಣವನ್ನು ಇದರ ಜೊತೆ ಬೆರೆಸಬೇಡಿ. ಅದು 7(4)ನೇ ಉಪನಿಯಮದ ವಿಷಯ, ಅಲ್ಲಿ ಹೆಚ್ಚಾಗಿ ಕಟ್ಟಿದ್ದು ಪೂರ್ತಿ ಮರಳಬೇಕು, ಅರ್ಜಿ ಹಿಂಪಡೆಯಬೇಕೆಂದೂ ಇಲ್ಲ. ಎರಡನ್ನೂ ಒಂದೇ ಪತ್ರದಲ್ಲಿ ಕೇಳಿದರೆ ಎರಡೂ ನಿಲ್ಲುತ್ತವೆ.

ಪತ್ರಕ್ಕೆ ಉತ್ತರವೇ ಬರದಿದ್ದರೆ `pgportal.gov.in` ತಾಣದಲ್ಲಿ ದೂರು ದಾಖಲಿಸಿ. ಪೇಟೆಂಟ್ ಕಚೇರಿ ಕೇಂದ್ರ ವಾಣಿಜ್ಯ ಮತ್ತು ಕೈಗಾರಿಕಾ ಸಚಿವಾಲಯದ ಅಡಿಯಲ್ಲಿದೆ. ಆದ್ದರಿಂದ ಇಲಾಖೆಯ ಪಟ್ಟಿಯಲ್ಲಿ ಕೇರಳ ಸರಕಾರವನ್ನು ಆರಿಸದೆ ಕೈಗಾರಿಕೆ ಮತ್ತು ಆಂತರಿಕ ವ್ಯಾಪಾರ ಉತ್ತೇಜನ ಇಲಾಖೆಯನ್ನು, ಅಂದರೆ `DPIIT` ಅನ್ನು ಆರಿಸಬೇಕು. ದೂರಿನಲ್ಲಿ ಅರ್ಜಿ ಸಂಖ್ಯೆ, ಫಾರಂ 29 ಸಲ್ಲಿಸಿದ ದಿನ, ಫಾರಂ 18ರ ಸಿಬಿಆರ್ ಸಂಖ್ಯೆ ಈ ಮೂರನ್ನು ಬರೆದರೆ ಕಡತ ಹುಡುಕುವುದಕ್ಕೆ ಅವರಿಗೆ ಬೇರೇನೂ ಬೇಕಾಗುವುದಿಲ್ಲ. ಅಲ್ಲಿಂದಲೂ ಸರಿಯಾದ ಉತ್ತರ ಸಿಗದಿದ್ದರೆ ಹತ್ತು ರೂಪಾಯಿಯ ಮಾಹಿತಿ ಹಕ್ಕು ಅರ್ಜಿ ಹಾಕಿ, ಮರುಪಾವತಿಯ ಕಡತ ಈಗ ಯಾವ ಅಧಿಕಾರಿಯ ಬಳಿ, ಯಾವ ದಿನದಿಂದ ಇದೆ ಎಂದು ಕೇಳಿ.